ಶುಲ್ಕಪಟ್ಟಿಯ ಫೋಟೋದಿಂದ ತಿಂಗಳ ಲೆಕ್ಕಕ್ಕೆ

ದುಬಾರೆಯ ಆಸುಪಾಸಿನಲ್ಲಿ ರೊಬಸ್ಟಾ ಕಾಫಿಯನ್ನು ನೆಚ್ಚಿಕೊಂಡಿರುವ ಸಣ್ಣ ಬೆಳೆಗಾರರ ಕೈಗೆ ವರ್ಷದ ದೊಡ್ಡ ಹಣ ಬರುವುದು ಕೊಯ್ಲು ಮುಗಿದು ಕಾಫಿ ಮಾರಾಟವಾಗುವ ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಾದರೆ, ಶಾಲೆ ದೊಡ್ಡ ಮೊತ್ತವನ್ನು ಕೇಳುವುದು ಮೇ, ಜೂನ್‌ನಲ್ಲಿ. ಈ ಅಂತರವನ್ನು ತುಂಬಲೆಂದು ಪಾಲಕರು ‘ಬಡ್ಡಿರಹಿತ ಕಂತು’ಗಳಿಗೆ ಒಪ್ಪಿಕೊಳ್ಳುವುದು ಎಷ್ಟು ದುಬಾರಿ ಎಂಬುದು, ಸೂಚನಾಫಲಕದಿಂದ ಮೊಬೈಲಿನಲ್ಲಿ ಸೆರೆಹಿಡಿದ ಶುಲ್ಕಪಟ್ಟಿಯನ್ನು ತಿಂಗಳವಾರು ಬಿಡಿಸಿ ಬರೆದಾಗ ಮಾತ್ರ ಕಾಣುತ್ತದೆ.

ಉದಾಹರಣೆಗೆಂದು ಒಂದು ಪಟ್ಟಿಯನ್ನು ಕಲ್ಪಿಸಿಕೊಳ್ಳಬಹುದು. ಅದರಲ್ಲಿ ಪ್ರವೇಶ ಶುಲ್ಕ 10,000, ಮರಳಿ ಸಿಗುವ ಠೇವಣಿ 5,000, ಪುಸ್ತಕ ಮತ್ತು ಸಮವಸ್ತ್ರ 8,500, ಬೋಧನಾ ಶುಲ್ಕ 14,000, ಸ್ಮಾರ್ಟ್‌ಕ್ಲಾಸ್ 3,000, ಬಸ್ 1,500, ಪರೀಕ್ಷಾ ಶುಲ್ಕ 1,500 ರೂಪಾಯಿ ಎಂಬ ಸಾಲುಗಳಿದ್ದು, ಕೊನೆಯಲ್ಲಿ ಒಟ್ಟು 85,000 ಎಂದಿದೆ. ಸಾಲುಗಳನ್ನು ಇದ್ದಂತೆಯೇ ಕೂಡಿದರೆ ಬರುವುದು 43,500 ಮಾತ್ರ. ಉಳಿದ 41,500 ರೂಪಾಯಿ ಎಲ್ಲಿ ಹೋಯಿತೆಂದು ಹುಡುಕುವುದೇ ಫೋಟೋವನ್ನು ಸರಿಯಾಗಿ ಓದುವ ಬಗೆ. ಬೋಧನಾ ಶುಲ್ಕ ವರ್ಷಕ್ಕಲ್ಲ, ಪ್ರತಿ ಅವಧಿಗೆ, ಅಂದರೆ ವರ್ಷವನ್ನು ಮೂರಾಗಿ ಪಾಲುಮಾಡಿದ ಭಾಗಗಳಲ್ಲಿ ಒಂದೊಂದಕ್ಕೆ, ಎಂದು ಭಾವಿಸಿದರೆ 28,000 ಸೇರುತ್ತದೆ; ಬಸ್ ಶುಲ್ಕ ಹತ್ತು ತಿಂಗಳೂ ಬರುವಂಥದ್ದೆಂದು ಭಾವಿಸಿದರೆ 13,500 ಸೇರುತ್ತದೆ; ಎರಡೂ ಕೂಡಿ ಕೊರತೆಗೆ ಸರಿಹೊಂದುತ್ತವೆ. ಇವನ್ನು ವಿವರಿಸುವ ಸಣ್ಣಕ್ಷರದ ಅಡಿಟಿಪ್ಪಣಿಯೇ ಬಹುತೇಕ ಫೋಟೋಗಳಲ್ಲಿ ಕತ್ತರಿಸಿಹೋಗಿರುತ್ತದೆ. ಮೊತ್ತ ಹೊಂದಿಕೊಂಡ ಮೇಲೂ, ಪ್ರತಿ ಸಾಲಿನ ಪಾವತಿಯ ತಿಂಗಳನ್ನು ಶಾಲೆಯ ಕಚೇರಿಯಲ್ಲಿ ಕೇಳಿ ಬರೆದುಕೊಳ್ಳದೆ ಮುಂದುವರಿಯಬಾರದು, ಏಕೆಂದರೆ ಒಟ್ಟು ಮೊತ್ತ ಸರಿಯಿದ್ದೂ ತಿಂಗಳು ತಪ್ಪಿದರೆ ಯೋಜನೆಯೇ ಕೆಡುತ್ತದೆ.

ಪ್ರವೇಶ ಶುಲ್ಕ, ಠೇವಣಿ, ಪುಸ್ತಕ ಮತ್ತು ಸಮವಸ್ತ್ರದ ಹಣ ಮೇ ತಿಂಗಳಿಗೆ, ಸ್ಮಾರ್ಟ್‌ಕ್ಲಾಸ್ ಜೂನ್‌ಗೆ, ಬೋಧನಾ ಶುಲ್ಕದ ಕಂತುಗಳು ಜೂನ್, ಅಕ್ಟೋಬರ್, ಜನವರಿಗೆ ಬೀಳುತ್ತವೆಂದೂ ಬಸ್ ಶುಲ್ಕ ಜೂನ್‌ನಿಂದ ಎಂದೂ ಪರೀಕ್ಷಾ ಶುಲ್ಕ ಫೆಬ್ರವರಿಗೆಂದೂ ತಿಳಿದುಬಂದರೆ, ಮೇ ತಿಂಗಳಲ್ಲಿ 23,500, ಜೂನ್‌ನಲ್ಲಿ 18,500, ಅಕ್ಟೋಬರ್ ಮತ್ತು ಜನವರಿಯಲ್ಲಿ ತಲಾ 15,500, ಫೆಬ್ರವರಿಯಲ್ಲಿ 3,000, ಮಾರ್ಚ್‌ವರೆಗಿನ ಮಿಕ್ಕ ತಿಂಗಳುಗಳಲ್ಲಿ ಬಸ್ಸಿನ 1,500 ಹೊರಹೋಗುತ್ತದೆ; ಏಪ್ರಿಲ್‌ನಲ್ಲಿ ಏನೂ ಇಲ್ಲ. ವರ್ಷದ ಹಣದ ಅರ್ಧದಷ್ಟು, ಅಂದರೆ 42,000 ರೂಪಾಯಿ, ಮೊದಲ ಎರಡು ತಿಂಗಳಲ್ಲೇ ಮುಗಿಯುತ್ತದೆ.

ಇಲ್ಲಿಯೇ ಹಣಕಾಸು ಕಂಪನಿಯೊಂದು ಇಡೀ 85,000 ರೂಪಾಯಿಯನ್ನು ಶಾಲೆಗೆ ಮುಂಗಡವಾಗಿ ಕಟ್ಟಿ, ಪಾಲಕರಿಂದ ಮೇ ತಿಂಗಳಿನಿಂದ ಹನ್ನೆರಡು ತಿಂಗಳು 7,083 ರೂಪಾಯಿಯಂತೆ ವಸೂಲಿ ಮಾಡುತ್ತದೆ ಎಂದುಕೊಳ್ಳೋಣ. ಬಡ್ಡಿ ಇಲ್ಲ, ಆದರೆ ಸಂಸ್ಕರಣಾ ಶುಲ್ಕ, ಅಂದರೆ ಸಾಲದ ಅರ್ಜಿಯನ್ನು ನಿರ್ವಹಿಸಲು ಪಡೆಯುವ ಮೊತ್ತ, ಶೇಕಡಾ 2ರಂತೆ 1,700, ಅದರ ಮೇಲೆ ಶೇಕಡಾ 18ರ ಜಿಎಸ್‌ಟಿ 306, ಒಟ್ಟು 2,006 ರೂಪಾಯಿ. ಇದನ್ನು 85,000ಕ್ಕೆ ಹೋಲಿಸಿದರೆ ಅಲ್ಪವೆನಿಸುವುದು ಸಹಜವಾದರೂ ಆ ಹೋಲಿಕೆಯೇ ತಪ್ಪು. ಜನವರಿಯ ಕಂತನ್ನು ಶಾಲೆಯೇ ಜನವರಿಯವರೆಗೆ ಕೇಳುವುದಿಲ್ಲವಾದ್ದರಿಂದ, ಅದನ್ನು ಮೇ ತಿಂಗಳಲ್ಲೇ ಸಾಲವಾಗಿ ಪಡೆಯುವುದರಿಂದ ಪಾಲಕರಿಗೆ ಯಾವ ಪ್ರಯೋಜನವೂ ಇಲ್ಲ. ನಿಜವಾದ ಸಾಲವೆಂದರೆ, ಆ ತಿಂಗಳವರೆಗೆ ಶಾಲೆಗೆ ಹೇಗೂ ಕಟ್ಟಬೇಕಿದ್ದ ಹಣಕ್ಕೂ ಕಂಪನಿಗೆ ಕಟ್ಟಿದ ಹಣಕ್ಕೂ ಇರುವ ವ್ಯತ್ಯಾಸ. ಜೂನ್ ಕೊನೆಗೆ ಅದು 42,000ದಲ್ಲಿ 14,166 ಕಳೆದು 27,834. ಸೆಪ್ಟೆಂಬರ್ ಕೊನೆಗೆ ಸುಮಾರು 11,000. ಡಿಸೆಂಬರ್ ಕೊನೆಗೆ 8,336. ಹನ್ನೆರಡೂ ತಿಂಗಳ ವ್ಯತ್ಯಾಸಗಳನ್ನು ಕೂಡಿ ಹನ್ನೆರಡರಿಂದ ಭಾಗಿಸಿದರೆ ಸರಾಸರಿ 14,377 ರೂಪಾಯಿ. ಇಷ್ಟು ಹಣವನ್ನು ಒಂದು ವರ್ಷ ಬಳಸಿದ್ದಕ್ಕೆ 2,006 ತೆತ್ತರೆ ವಾರ್ಷಿಕ ದರ ಸುಮಾರು ಶೇಕಡಾ 14 ಆಗುತ್ತದೆ. ಇದನ್ನು ಬಡ್ಡಿರಹಿತವೆಂದು ಕರೆಯುವುದು ಪಾಲಕರಿಗೆ ಮಾಡುವ ಅನ್ಯಾಯ. ಅಷ್ಟೇ ಅಲ್ಲದೆ, ಶಾಲೆ ಕೇವಲ 1,500 ಕೇಳುವ ಜುಲೈ, ಆಗಸ್ಟ್‌ನ ಮಳೆಯಲ್ಲಿ, ಕಾವೇರಿ ಉಕ್ಕಿ ದುಬಾರೆಯ ದೋಣಿಗಳು ದಡ ಸೇರಿ ಪ್ರವಾಸಿಗರಿಂದ ಬರುವ ಆದಾಯವೂ ಕುಗ್ಗುವ ಹೊತ್ತಿನಲ್ಲಿ, ಕಂಪನಿ 7,083 ಕೇಳುತ್ತದೆ. ಕಂತು ತಪ್ಪಿದರೆ ದಂಡ ಬೇರೆ.

ಕಾಫಿಯ ಹಣ ಬಂದ ಮಾರ್ಚ್‌ನಲ್ಲೇ ಮೇ ತಿಂಗಳಿನಿಂದ ಅಕ್ಟೋಬರ್‌ವರೆಗಿನ 62,000 ರೂಪಾಯಿಯನ್ನು ಬೇರೆ ಖಾತೆಯಲ್ಲಿ ಇರಿಸಿ, ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗಿನ ಭಾಗವನ್ನು ಉಳಿತಾಯ ಖಾತೆಯಲ್ಲೂ ಅಕ್ಟೋಬರ್‌ನ ಭಾಗವನ್ನು ಸೆಪ್ಟೆಂಬರ್ ಕೊನೆಗೆ ಮುಗಿಯುವ ನಿಗದಿತ ಠೇವಣಿಯಲ್ಲೂ ಹಾಕಬಹುದು. ಅಷ್ಟು ಸಾಧ್ಯವಾಗದವರು ಕೊರತೆ ಬಿದ್ದಷ್ಟನ್ನೇ, ಬೇಕಾದಷ್ಟು ತಿಂಗಳಿಗೆ ಮಾತ್ರ, ಸಹಕಾರ ಸಂಘದಿಂದ ಪಡೆದರೆ 85,000ಕ್ಕೆ ಸಹಿ ಹಾಕಬೇಕಾಗುವುದಿಲ್ಲ. ಜನವರಿಯ ಕಂತು ಹೊಸ ಕಾಫಿ ಮಾರಾಟವಾಗುವ ಮೊದಲೇ ಬರುವುದರಿಂದ, ಅದನ್ನು ಫೆಬ್ರವರಿ ಕೊನೆಗೆ ಮುಂದೂಡುವಂತೆ ಪ್ರವೇಶದ ಸಮಯದಲ್ಲೇ ಶಾಲೆಯನ್ನು ಕೋರಿ, ಒಪ್ಪಿಗೆಯನ್ನು ರಸೀದಿಯ ಮೇಲೆ ಬರೆಸಿಕೊಳ್ಳಬೇಕು. ಮರಳಿ ಸಿಗುವ 5,000 ಠೇವಣಿಗೂ ಅದೇ ದಿನ ಪ್ರತ್ಯೇಕ ರಸೀದಿ ಪಡೆಯಬೇಕು.