ಅಪ್ಪ-ಅಮ್ಮನ ಅರವತ್ತರ ಶಾಂತಿಗೆ ಕರೆಯೋಲೆ ಬರೆಯುವ ಮಕ್ಕಳಿಗೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆಯ ಮನೆಗಳಲ್ಲಿ ಈಗ ಅಪ್ಪನ ಅರವತ್ತರ ಶಾಂತಿಯನ್ನು ಮಕ್ಕಳೇ ಮುಂದೆ ನಿಂತು ಮಾಡಿಸುತ್ತಿದ್ದೀರಿ. ನೋಡಿ ಸಂತೋಷವಾಗುತ್ತದೆ. ಆದರೆ ಕೈಗೆ ಬರುವ ಎಷ್ಟೋ ಕರೆಯೋಲೆಗಳು ಮದುವೆಯ ಪತ್ರಿಕೆಯನ್ನೇ ಹೆಸರು ಬದಲಿಸಿ ಅಚ್ಚು ಹಾಕಿಸಿದಂತೆ ಇರುತ್ತವೆ. ಅಚ್ಚಿನವರ ಬಳಿ ಇರುವ ಮಾದರಿ ಮದುವೆಯದ್ದು. ಅದರಲ್ಲಿ ತಂದೆ-ತಾಯಿ ಮಕ್ಕಳಿಗಾಗಿ ಕರೆಯುತ್ತಾರೆ. ಇಲ್ಲಿ ಕರೆಯುವವರು ಮಕ್ಕಳು, ಪೀಠದ ಮೇಲೆ ಕೂರುವವರು ಹೆತ್ತವರು. ಹೀಗಾಗಿ ಮಾತು ಮೊದಲಿನಿಂದ ಕೊನೆಯವರೆಗೂ ಬದಲಾಗಬೇಕು.

ಮೊದಲು ದಿನದ ವಿಷಯ, ಏಕೆಂದರೆ ಹೆಚ್ಚು ತಪ್ಪಾಗುವುದು ಅಲ್ಲಿಯೇ. ಐವತ್ತೊಂಬತ್ತು ತುಂಬಿ ಅರವತ್ತಕ್ಕೆ ಕಾಲಿಟ್ಟಾಗ ಮಾಡಿಸುವುದು ಉಗ್ರರಥ ಶಾಂತಿ, ಅರವತ್ತು ತುಂಬಿದಾಗ ಮಾಡಿಸುವುದು ಷಷ್ಟ್ಯಬ್ದಿ ಶಾಂತಿ. ಎರಡನ್ನೂ ಒಂದೇ ದಿನ ಸೇರಿಸಿ ಮಾಡಿಸುವ ಮನೆಗಳೂ ಇವೆ. ನಿಮ್ಮಲ್ಲಿ ಯಾವುದು ಎಂದು ಪುರೋಹಿತರನ್ನು ಕೇಳಿ ತಿಳಿದು, ಅದರ ಹೆಸರನ್ನೇ ಹಾಕಿಸಿ.

ಒಂದು ಲೆಕ್ಕ ಮಾಡಿ ನೋಡೋಣ. ನಿಮ್ಮ ತಂದೆ ಹುಟ್ಟಿದ್ದು 1966ರ ನವೆಂಬರ್ 13, ದೀಪಾವಳಿಯ ಬಲಿಪಾಡ್ಯಮಿಯ ದಿನ ಎಂದುಕೊಳ್ಳಿ. ಆಗ ನಡೆಯುತ್ತಿದ್ದುದು ಪರಾಭವ ಸಂವತ್ಸರ. ಅರವತ್ತು ಸಂವತ್ಸರಗಳು ಒಂದು ಸುತ್ತು ಮುಗಿಸಿ, 2026ರ ಯುಗಾದಿಗೆ ಮತ್ತೆ ಪರಾಭವವೇ ಬಂದಿದೆ. ಹುಟ್ಟಿದ ಸಂವತ್ಸರ ಮರಳಿ ಬಂತು ಎಂಬುದೇ ಈ ಶಾಂತಿಯ ಹುರುಳು. ಆದರೆ 2026ರಲ್ಲಿ ಬಲಿಪಾಡ್ಯಮಿ ಬರುವುದು ನವೆಂಬರ್ 10, ಮಂಗಳವಾರ. ಜನ್ಮತಿಥಿಯಂತೆ ನಡೆಸುವ ಮನೆಯಾದರೆ ಪತ್ರಿಕೆಯಲ್ಲಿ ಹೀಗೆ ಬರಬೇಕು: “ಶಾಲಿವಾಹನ ಶಕ 1948ನೇ ಶ್ರೀ ಪರಾಭವ ನಾಮ ಸಂವತ್ಸರದ ದಕ್ಷಿಣಾಯನ, ಶರದೃತು, ಕಾರ್ತಿಕ ಮಾಸ, ಶುಕ್ಲಪಕ್ಷ, ಪಾಡ್ಯ, ಮಂಗಳವಾರ, ತಾ. 10-11-2026.” ಕೆಲವರು ತಿಥಿಯ ಬದಲು ಜನ್ಮನಕ್ಷತ್ರ ಹಿಡಿಯುತ್ತಾರೆ. ಆಗ ದಿನ ಬೇರೆಯಾಗುತ್ತದೆ.

ಬೆಂಗಳೂರಿನಿಂದ ಬರುವವರಿಗೆ ರಜೆ ಇರಲೆಂದು ಮುಂದಿನ ಭಾನುವಾರಕ್ಕೆ ಇಟ್ಟುಕೊಂಡಿರೋ, ಆ ಭಾನುವಾರದ ತಿಥಿಯನ್ನು ಪಂಚಾಂಗದಲ್ಲಿ ನೋಡಿ ಬರೆಯಿರಿ. ತಾರೀಖು ಭಾನುವಾರದ್ದು, ತಿಥಿ ಮಂಗಳವಾರದ್ದು ಆಗಿರುವ ಪತ್ರಿಕೆಯನ್ನು ಹಿರಿಯರು ಒಂದೇ ನೋಟಕ್ಕೆ ಗುರುತಿಸುತ್ತಾರೆ. ಇನ್ನೊಂದು ಎಡವಟ್ಟು 1966ರ ಫೆಬ್ರವರಿಯಲ್ಲಿ ಹುಟ್ಟಿದವರದ್ದು. ಅವರದು ಹಿಂದಿನ ವಿಶ್ವಾವಸು ಸಂವತ್ಸರ. ಶಾಂತಿಯನ್ನು ಯುಗಾದಿ ದಾಟಿಸಿ ಮೇ ತಿಂಗಳಲ್ಲಿ ಮಾಡಿಸಿದರೆ, ಪತ್ರಿಕೆಯಲ್ಲಿ ಕಾರ್ಯ ನಡೆಯುವ ದಿನದ ಪರಾಭವವೇ ಬರಬೇಕು, ಹುಟ್ಟಿದ್ದು ವಿಶ್ವಾವಸುವಿನಲ್ಲಿ ಎಂದು ಅದನ್ನು ಹಾಕಬಾರದು.

ಹೆಸರಿನ ಕಾಗುಣಿತಕ್ಕೂ ಒಂದು ಗಮನ ಇರಲಿ. ಅರವತ್ತು ಎನ್ನುವ ಷಷ್ಟಿಗೆ ಟಕಾರದ ಒತ್ತು. ಠಕಾರ ಬಿದ್ದರೆ ಅದು ಸುಬ್ರಹ್ಮಣ್ಯನ ಷಷ್ಠಿ, ಆರನೆಯ ತಿಥಿ. ಪಾವಗಡದ ಕಡೆ ಆಂಧ್ರದ ಮಡಕಶಿರಾ, ಹಿಂದೂಪುರದಲ್ಲಿ ನೆಂಟರಿರುವ ಮನೆಗಳಲ್ಲಿ ಷಷ್ಟಿಪೂರ್ತಿ ಎನ್ನುವುದೇ ರೂಢಿ. ಹಾಗೆಯೇ ಹಾಕಿಸಿ. ತೆಲುಗು ಮಾತ್ರ ಓದಬಲ್ಲ ಅತ್ತೆ-ಮಾವಂದಿರಿದ್ದರೆ ಹಿಂಬದಿಗೆ ತೆಲುಗಿನಲ್ಲೂ ಅಚ್ಚಾಗಲಿ.

ಇನ್ನು ಕರೆಯ ಮಾತು. “ಚಿ.” ಎಂಬುದು ಹಿರಿಯರು ಕಿರಿಯರಿಗೆ ಹಾಕುವ ಮಾತು. ನಿಮ್ಮ ಹೆಸರಿನ ಹಿಂದೆ ನೀವೇ ಹಾಕಿಕೊಳ್ಳಬೇಡಿ. “ದಂಪತಿಗಳನ್ನು ಆಶೀರ್ವದಿಸಬೇಕಾಗಿ ವಿನಂತಿ” ಎಂಬ ಸಾಲು ಮದುವೆಯದ್ದು. ಓದುವವರಲ್ಲಿ ನಿಮ್ಮ ತಂದೆಗಿಂತ ಕಿರಿಯರೇ ಹೆಚ್ಚು. ಅಂದು ಅವರು ಕಾಲಿಗೆ ನಮಸ್ಕರಿಸಿ ಹರಕೆ ಪಡೆಯಲು ಬರುತ್ತಾರೆಯೇ ಹೊರತು ಕೊಡಲು ಅಲ್ಲ. ಎಲ್ಲರಿಗೂ ಒಪ್ಪುವಂತೆ ಹೀಗೆ ಬರೆಯಬಹುದು:

“ನಮ್ಮ ತಂದೆಯವರಾದ ಶ್ರೀ …… ಹಾಗೂ ತಾಯಿಯವರಾದ ಶ್ರೀಮತಿ …… ಅವರ ಷಷ್ಟ್ಯಬ್ದಿ ಶಾಂತಿಯನ್ನು ಕುಲದೇವರ ಅನುಗ್ರಹದಿಂದಲೂ ಗುರುಹಿರಿಯರ ಅಪ್ಪಣೆಯಿಂದಲೂ ಮೇಲ್ಕಂಡ ದಿನ ನೆರವೇರಿಸಲು ಮಕ್ಕಳಾದ ನಾವು ಸಂಕಲ್ಪಿಸಿದ್ದೇವೆ. ತಾವು ಸಕುಟುಂಬರಾಗಿ ಬಂದು, ನಮ್ಮ ಹೆತ್ತವರಿಗೆ ಶುಭ ಕೋರಿ, ನಮ್ಮ ಆತಿಥ್ಯ ಸ್ವೀಕರಿಸಬೇಕೆಂದು ಕೋರುತ್ತೇವೆ.”

ಅರವತ್ತರ ಲೆಕ್ಕ ತಂದೆಯದಾದರೂ ತಾಯಿಯ ಹೆಸರು ಅದೇ ಸಾಲಿನಲ್ಲಿ, ಅದೇ ಅಕ್ಷರದ ಗಾತ್ರದಲ್ಲಿ ಇರಬೇಕು. ಶಾಂತಿಗೆ ಕೂರುವುದು ಇಬ್ಬರೂ, ಮತ್ತೊಮ್ಮೆ ಮಾಂಗಲ್ಯ ಕಟ್ಟಿಸಿಕೊಳ್ಳುವವರು ಆಕೆ. ನಿಮ್ಮ ಅಜ್ಜ ಅಥವಾ ಅಜ್ಜಿ ಬದುಕಿದ್ದರೆ ಮೊದಲು ಅವರ ಹೆಸರು ಬರೆದು “ಇವರ ಆಶೀರ್ವಾದದೊಂದಿಗೆ” ಎನ್ನಿ. ತೀರಿಕೊಂಡವರಿಗೆ “ದಿ.” ಹಾಕಿ ಸಾಲು ಸಾಲಾಗಿ ಬರೆಯುವುದನ್ನು ನಾನಂತೂ ಒಪ್ಪುವುದಿಲ್ಲ. ಇದು ಆಯುಷ್ಯ ಬೇಡುವ ಕಾರ್ಯ, ಹಿರಿಯರ ಸ್ಮರಣೆಯನ್ನು ದೇವರ ಮನೆಯಲ್ಲಿ ಮಾಡಿಕೊಳ್ಳಬಹುದು.

ಕರೆಯುವವರ ಪಟ್ಟಿಯಲ್ಲಿ ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನು ಬಿಡಬೇಡಿ. ಗಂಡುಮಕ್ಕಳ ಹೆಸರು ದಪ್ಪಕ್ಷರದಲ್ಲಿ, ಹೆಣ್ಣುಮಕ್ಕಳದು ಕೆಳಗೆ “ಹಾಗೂ ಬಂಧುವರ್ಗ”ದಲ್ಲಿ ಕರಗಿಹೋಗಿದ್ದನ್ನು ಕಂಡಿದ್ದೇನೆ, ಮನಸ್ಸಿಗೆ ನೋವಾಗಿದೆ. ಹೆತ್ತವರ ಕಾರ್ಯ ಇದು. ಹುಟ್ಟಿದ ಕ್ರಮದಲ್ಲಿ ಎಲ್ಲ ಮಕ್ಕಳೂ, ಜೊತೆಗೆ ಸೊಸೆಯಂದಿರು, ಅಳಿಯಂದಿರು, ಕೊನೆಗೆ ಮೊಮ್ಮಕ್ಕಳು ಬರಲಿ.

ಹೊತ್ತನ್ನು ಬಿಡಿಸಿ ಬರೆಯಿರಿ. ಕಲಶಸ್ಥಾಪನೆ, ಮೃತ್ಯುಂಜಯ ಹೋಮ, ಪೂರ್ಣಾಹುತಿ, ಕಲಶೋದಕದ ಅಭಿಷೇಕ, ಮಾಂಗಲ್ಯಧಾರಣೆ, ಇವು ಬೆಳಿಗ್ಗೆ ಏಳಕ್ಕೆ ಶುರುವಾದರೆ ಮುಗಿಯುವಷ್ಟರಲ್ಲಿ ಮಧ್ಯಾಹ್ನವಾಗುತ್ತದೆ. “ಬೆಳಿಗ್ಗೆ 7ರಿಂದ” ಎಂದಷ್ಟೇ ಹಾಕಿದರೆ, ಪಾವಗಡದಿಂದ ಮಧುಗಿರಿಗೆ ಬಸ್ಸು ಹಿಡಿದು ಬರುವ ನೆಂಟರು ಯಾವ ಹೊತ್ತಿಗೆ ಹೊರಡಬೇಕೆಂದು ತಿಳಿಯದೆ ಊಟದ ಹೊತ್ತಿಗೆ ಮಾತ್ರ ಬರುತ್ತಾರೆ. ಮಾಂಗಲ್ಯಧಾರಣೆಯ ಹೊತ್ತನ್ನೂ ಭೋಜನದ ಹೊತ್ತನ್ನೂ ಪುರೋಹಿತರನ್ನು ಕೇಳಿ ಬೇರೆ ಬೇರೆಯಾಗಿ ಹಾಕಿಸಿ. ಹೋಮ ಮಾಡಿಸುವ ಪದ್ಧತಿ ಇಲ್ಲದ ಮನೆಯವರು ಚೆಂದ ಕಾಣುತ್ತದೆಂದು ಹೋಮದ ಹೆಸರುಗಳನ್ನು ಹಾಕಿಸುವುದು ಬೇಡ. ನಿಮ್ಮಲ್ಲಿ ಗುರುಗಳ ಪಾದಪೂಜೆಯೋ, ಕುಲದೇವರ ಪೂಜೆಯೋ ಏನು ನಡೆಯುತ್ತದೋ ಅದನ್ನೇ ಬರೆಯಿರಿ.

“ತಮ್ಮ ಆಗಮನವೇ ಉಡುಗೊರೆ” ಎಂದು ಹಾಕಿಸುವುದು ಒಳ್ಳೆಯದೇ. ಆದರೆ “ಉಡುಗೊರೆ ತರಬಾರದು” ಎಂಬ ಆಜ್ಞೆ ಬೇಡ. ತಾಯಿಯ ತವರಿನವರು ಅಂದು ಸೀರೆ, ಪಂಚೆ ತಂದು ಉಡಿಸುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಆ ಸಾಲು ಓದಿ ಸೋದರಮಾವ ಬರಿಗೈಲಿ ಬಂದರೆ ಪೀಠದ ಮೇಲಿನ ನಿಮ್ಮ ತಾಯಿಗೆ ಆಗುವ ಸಂಕಟ ನಿಮಗೆ ಗೊತ್ತಾಗುವುದೂ ಇಲ್ಲ. ಹಾಗಾಗಿ ತವರಿನವರಿಗೆ ಪತ್ರಿಕೆಯನ್ನು ಮೊಬೈಲಿನಲ್ಲಿ ಕಳಿಸಿ ಸುಮ್ಮನಾಗದೆ, ಗಂಡ-ಹೆಂಡತಿ ಇಬ್ಬರೂ ಹೋಗಿ ಕುಂಕುಮ, ಅಕ್ಷತೆಯಿಟ್ಟು ಕರೆಯಿರಿ.

ಮೊದಲ ಪತ್ರಿಕೆಗೆ ಮೂಲೆಗಳಲ್ಲಿ ಅರಿಶಿನ ಹಚ್ಚಿ ಮನೆದೇವರ ಮುಂದಿಡಿ. ಗೊರವನಹಳ್ಳಿಯ ಲಕ್ಷ್ಮಿಗೋ ದಂಡಿನ ಮಾರಮ್ಮನಿಗೋ ನಡೆದುಕೊಳ್ಳುವವರು ನೆತ್ತಿಯ ಮೇಲಿನ “ಪ್ರಸನ್ನ” ಸಾಲಿನಲ್ಲಿ ಅವರ ಹೆಸರನ್ನೇ ಹಾಕಿಸಿ, ಅಚ್ಚಿನವರ ಮಾದರಿಯಲ್ಲಿದ್ದ ದೇವರನ್ನಲ್ಲ. ಅಚ್ಚಿಗೆ ಕೊಡುವ ಮುನ್ನ ಇಡೀ ಪತ್ರಿಕೆಯನ್ನು ನಿಮ್ಮ ತಾಯಿಯ ಮುಂದೆ ಕೂತು ಗಟ್ಟಿಯಾಗಿ ಓದಿ. ಯಾರ ಹೆಸರು ಬಿಟ್ಟುಹೋಗಿದೆ ಎಂದು ಅವರಿಗಿಂತ ಚೆನ್ನಾಗಿ ಬಲ್ಲವರು ಆ ಮನೆಯಲ್ಲಿ ಬೇರೆ ಇಲ್ಲ.