ಅವ್ವನ ಎರಡು ಪಾಸ್‌ಬುಕ್ಕು

ತಿರ್ಲಾಪುರದಲ್ಲಿರುವ ನನ್ನ ಅಣ್ಣನ ಮಗಳಿಗೆ, ಮತ್ತು ಮನೆಯ ಪಾಸ್‌ಬುಕ್ಕು ಓದುವ ಜವಾಬ್ದಾರಿ ಹೆಗಲಿಗೆ ಬಿದ್ದಿರುವ ಅವಳ ಓರಗೆಯ ಎಲ್ಲರಿಗೂ,

ಕಡಲೆ ರಾಶಿ ಮುಗಿದ ಸುದ್ದಿ ತಿಳಿಯಿತು. ನೀನು ಕಳಿಸಿದ ಫೋಟೊಗಳನ್ನೂ ನೋಡಿದೆ. ನಿಮ್ಮವ್ವನ ಎರಡು ಪಾಸ್‌ಬುಕ್ಕುಗಳಲ್ಲೂ ಹೋದ ವರ್ಷದ ಮೇ ಕೊನೆಗೆ 436 ರೂಪಾಯಿ ಒಂದು ಸಲ, 20 ರೂಪಾಯಿ ಒಂದು ಸಲ ಹೋಗಿದೆ. ಒಂದು ಗೃಹಲಕ್ಷ್ಮಿ ರೊಕ್ಕ ಬರುವ ಖಾತೆ, ಇನ್ನೊಂದು ಸಂಘದ ಸಾಲಕ್ಕೆಂದು ತೆಗೆದ ಖಾತೆ. "ಬ್ಯಾಂಕಿನವರು ಸುಮ್ಮನ ರೊಕ್ಕ ಹಿಡಕೊಂಡಾರ, ಎರಡೂ ಬಂದ್ ಮಾಡಿಸಲೇನು ಕಾಕಾ?" ಎಂದು ಕೇಳಿದ್ದೀಯ. ಎರಡೂ ಬೇಡ, ಒಂದನ್ನು ಮಾತ್ರ ಬಂದ್ ಮಾಡಿಸು. ಯಾವುದನ್ನು, ಯಾಕೆ ಎನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

436 ರೂಪಾಯಿ ಪ್ರಧಾನಮಂತ್ರಿ ಜೀವನ್ ಜ್ಯೋತಿ ಬಿಮಾ ಯೋಜನೆಯ ವರ್ಷದ ಕಂತು. ಯಾವ ಕಾರಣದಿಂದ ಸಾವು ಬಂದರೂ ನಾಮಿನಿಗೆ 2 ಲಕ್ಷ ಸಿಗುತ್ತದೆ. 20 ರೂಪಾಯಿ ಸುರಕ್ಷಾ ಬಿಮಾ ಯೋಜನೆಯದು, ಅದು ಅಪಘಾತಕ್ಕೆ ಮಾತ್ರ. ಪಾಸ್‌ಬುಕ್ಕಿನಲ್ಲಿ PMJJBY, PMSBY ಎಂದು ಅಚ್ಚಾಗಿರುವುದು ಇವೇ. ಎರಡರ ವರ್ಷವೂ ಜೂನ್ 1ಕ್ಕೆ ಶುರುವಾಗಿ ಮೇ 31ಕ್ಕೆ ಮುಗಿಯುತ್ತದೆ, ಅದಕ್ಕೇ ಮೇ ಕೊನೆಯ ವಾರದಲ್ಲಿ ಕಡಿತ. ಮೊದಲಿಗೆ ಇವು 330 ಮತ್ತು 12 ರೂಪಾಯಿ ಇದ್ದವು. 2022ರ ಜೂನ್‌ನಿಂದ ಏರಿದವು, ಅದಕ್ಕಾಗಿ ಯಾರೂ ಅವ್ವನ ಹತ್ತಿರ ಮತ್ತೆ ಸಹಿ ಕೇಳಿರಲಿಕ್ಕಿಲ್ಲ.

ಯಾಕೆ ಕೇಳಲಿಲ್ಲ ಎನ್ನುವುದರಲ್ಲೇ ನಿನ್ನ ಪ್ರಶ್ನೆಗೂ ಉತ್ತರವಿದೆ. ಯೋಜನೆಗೆ ಸೇರುವಾಗ ತುಂಬುವ ಒಪ್ಪಿಗೆ ಪತ್ರದಲ್ಲಿ ಒಂದು ಸಾಲಿದೆ: ಮುಂದಿನ ಸೂಚನೆ ಕೊಡುವವರೆಗೆ ಪ್ರತಿ ವರ್ಷ ನನ್ನ ಖಾತೆಯಿಂದ ಕಂತು ಕಡಿತ ಮಾಡಿಕೊಳ್ಳಿ ಎಂಬ ಅರ್ಥದ್ದು. ಸಾಲದ ಕಾಗದಗಳ ನಡುವೆ "ಇಲ್ಲಿ ಸಹಿ, ಇಲ್ಲಿ ಹೆಬ್ಬೆಟ್ಟು" ಎಂದು ಬೆರಳಿಟ್ಟು ತೋರಿಸುವಾಗ ಆ ಸಾಲನ್ನು ಓದಿ ಹೇಳುವ ಪುಣ್ಯಾತ್ಮರು ಕಡಿಮೆ. ಮೂವತ್ತು ವರ್ಷ ಕೌಂಟರಿನ ಒಳಗೆ ಕೂತಿದ್ದ ನಾನೂ ಎಲ್ಲರಿಗೂ ಓದಿ ಹೇಳಿದ್ದೇನೆಂದು ಎದೆ ಮುಟ್ಟಿ ಹೇಳಲಾರೆ. ಆ "ಮುಂದಿನ ಸೂಚನೆ" ಈವರೆಗೆ ಬ್ಯಾಂಕಿಗೆ ಹೋಗಿಲ್ಲ. ಅದನ್ನೇ ನೀನೀಗ ಬರೆದು ಕೊಡಬೇಕಾಗಿದೆ.

ಒಬ್ಬರು ಎಷ್ಟು ಖಾತೆ ಇಟ್ಟಿದ್ದರೂ ಈ ಯೋಜನೆಗಳಿಗೆ ಒಂದೇ ಖಾತೆಯ ಮೂಲಕ ಸೇರಬೇಕು. ತಪ್ಪಿ ಎರಡು ಕಡೆ ಕಂತು ಹೋದರೂ ಸಿಗುವುದು ಆ 2 ಲಕ್ಷವೇ, ನಾಲ್ಕಲ್ಲ. ಎರಡನೆಯ ಕಂತು ಮುಟ್ಟುಗೋಲಾಗಬಹುದು ಎಂದು ನಿಯಮದಲ್ಲೇ ಬರೆದಿದೆ. ಅಂದರೆ ವರ್ಷಕ್ಕೆ 456 ರೂಪಾಯಿ ಬೆಣ್ಣಿಹಳ್ಳಕ್ಕೆ ಹಾಕಿದ ಹಾಗೆ.

ಹಾಗೆಂದು ಸಿಟ್ಟಿನಲ್ಲಿ ಎರಡನ್ನೂ ನಿಲ್ಲಿಸಿದರೆ ಕಷ್ಟ. ಜೀವನ್ ಜ್ಯೋತಿಗೆ ಹೊಸದಾಗಿ ಸೇರುವವರಿಗೆ 50 ದಾಟಿರಬಾರದು. ಸೇರಿದ್ದವರಿಗೆ ಮಾತ್ರ ಕಂತು ತಪ್ಪದಿದ್ದರೆ 55ರವರೆಗೆ ರಕ್ಷಣೆ. ವೈನಿಗೆ ಈಗ 51. ಒಮ್ಮೆ ಕೈಬಿಟ್ಟರೆ ಮತ್ತೆ ಒಳಗೆ ಸೇರುವ ಬಾಗಿಲು ಅವಳ ಪಾಲಿಗೆ ಮುಚ್ಚಿದಂತೆಯೇ. ಕಿರಿಯರಿಗೂ ಇದು ಪುಕ್ಕಟೆಯಲ್ಲ: ಬಿಟ್ಟು ಮತ್ತೆ ಸೇರಿದರೆ ಮೊದಲ 30 ದಿನ ಅಪಘಾತದ ಸಾವು ಬಿಟ್ಟು ಬೇರೆ ಸಾವಿಗೆ ಪರಿಹಾರವಿಲ್ಲ.

ಆದ್ದರಿಂದ ಗೃಹಲಕ್ಷ್ಮಿ ಖಾತೆಯದನ್ನು ಇಟ್ಟುಕೊಳ್ಳಿ. ಅದು ಹಳೆಯದು, ಅಲ್ಲಿ ಮೇ ತಿಂಗಳಲ್ಲೂ ನಾಲ್ಕು ದುಡ್ಡು ಇರುತ್ತದೆ. ಅದರಲ್ಲಿ ನಾಮಿನಿ ಹೆಸರು ಯಾರದಿದೆ ಎಂದು ಒಮ್ಮೆ ಕೇಳಿಕೊಂಡು ಬಾ. ರದ್ದು ಮಾಡಿಸಬೇಕಾದ್ದು ಸಂಘದ ಖಾತೆಯದನ್ನು. ಆ ಖಾತೆ ಇರುವ ಶಾಖೆಗೆ, ಅವ್ವನ ಹೆಸರಿನಲ್ಲಿ, ಎರಡು ಪ್ರತಿ ಅರ್ಜಿ ಬರೆ. ಒಕ್ಕಣೆ ಇಷ್ಟು ಸಾಕು:

"ನನ್ನ ಈ ಉಳಿತಾಯ ಖಾತೆಯಿಂದ ಪ್ರಧಾನಮಂತ್ರಿ ಜೀವನ್ ಜ್ಯೋತಿ ಮತ್ತು ಸುರಕ್ಷಾ ಬಿಮಾ ಯೋಜನೆಗಳ ಕಂತು ಪ್ರತಿ ಮೇ ತಿಂಗಳು ಕಡಿತವಾಗುತ್ತಿದೆ. ಇವೇ ಯೋಜನೆಗಳಿಗೆ ನಾನು ಬೇರೆ ಬ್ಯಾಂಕಿನ ಖಾತೆಯ ಮೂಲಕ ಸದಸ್ಯಳಿದ್ದೇನೆ. ಈ ಖಾತೆಗೆ ಕೊಟ್ಟ ಸ್ವಯಂ ಕಡಿತದ ಒಪ್ಪಿಗೆಯನ್ನು ಇಂದಿನಿಂದ ಹಿಂಪಡೆದಿದ್ದೇನೆ. ಒಪ್ಪಿಗೆ ರದ್ದಾದ ದಿನಾಂಕವನ್ನೂ, ಇನ್ನು ಮುಂದೆ ಈ ಖಾತೆಯಿಂದ ಈ ಎರಡು ಕಂತು ಕಡಿತವಾಗುವುದಿಲ್ಲ ಎಂಬುದನ್ನೂ ಲಿಖಿತವಾಗಿ ತಿಳಿಸಬೇಕು."

ಖಾತೆ ಸಂಖ್ಯೆ ಪೂರ್ತಿ ಬರೆ, ಕಡಿತವಾದ ತಾರೀಖುಗಳನ್ನು ಹಾಕು, ಆ ಪುಟದ ಜೆರಾಕ್ಸ್ ಲಗತ್ತಿಸು. ಯೋಜನೆಯ ಹೆಸರು ಬಿಟ್ಟು "ಎಲ್ಲ ಕಡಿತ ನಿಲ್ಲಿಸಿ" ಎಂದು ಬರೆದರೆ ಸಂಘದ ಸಾಲದ ಕಂತಿಗೂ ತೊಡಕಾದೀತು. ನಿನ್ನ ಪ್ರತಿಯ ಮೇಲೆ ಸಹಿ, ಶಿಕ್ಕಾ, ತಾರೀಖು ಹಾಕಿಸಿಕೊಳ್ಳದೆ ಹೊರಗೆ ಬರಬೇಡ.

"ಆತು, ತಗಸ್ತೀವಿ, ಹೋಗವಾ" ಎಂದು ಒಳ್ಳೆಯ ಮಾತಿನಲ್ಲೇ ಕಳಿಸಬಹುದು. ಅವರಲ್ಲಿ ಕಪಟ ಇರಲಿಕ್ಕಿಲ್ಲ. ಆದರೆ ಮೇ ಕೊನೆಯ ಕಡಿತವನ್ನು ಶಾಖೆಯವರು ಒಬ್ಬೊಬ್ಬರ ಹೆಸರು ನೋಡಿ ಕೈಯಾರೆ ಮಾಡುವುದಿಲ್ಲ. ಕಂಪ್ಯೂಟರಿನ ಪಟ್ಟಿಯಲ್ಲಿ ಯಾರ ಖಾತೆ ಇದೆಯೋ ಅವರೆಲ್ಲರದೂ ಒಟ್ಟಿಗೆ ಹೋಗುತ್ತದೆ. ಮ್ಯಾನೇಜರ್ ನಿನಗೆ ಮಾತು ಕೊಟ್ಟಿದ್ದರೂ, ಆ ಮ್ಯಾನೇಜರ್‌ಗೆ ಏಪ್ರಿಲ್‌ನಲ್ಲಿ ವರ್ಗವಾಗಿದ್ದರೂ, ಪಟ್ಟಿಯಿಂದ ಹೆಸರು ತೆಗೆಯದಿದ್ದರೆ ರೊಕ್ಕ ಹೋಗುವುದೇ. ಅದಕ್ಕೇ ಮೇ 25ರವರೆಗೆ ಕಾಯದೆ ಈಗಲೇ ಹೋಗು. ಹದಿನೈದು ದಿನ ಬಿಟ್ಟು ಮತ್ತೊಮ್ಮೆ ಹೋಗಿ ರದ್ದಾದ ದಿನಾಂಕ ಕೇಳು. ದಿನಾಂಕ ಹೇಳಲಾಗದಿದ್ದರೆ ಕೆಲಸ ಆಗಿಲ್ಲ ಎಂದೇ ತಿಳಿ.

ಊರಲ್ಲಿ ಇನ್ನೊಂದು ಉಪಾಯ ಹೇಳುತ್ತಾರೆ: ಮೇ ತಿಂಗಳಲ್ಲಿ ಖಾತೆ ಖಾಲಿ ಇಡು, ತಾನೇ ನಿಲ್ಲುತ್ತದೆ ಎಂದು. ಅದನ್ನು ನೆಚ್ಚಬೇಡ. ಆ ವಾರದಲ್ಲೇ ಎಲ್ಲಿಂದಲಾದರೂ ಐನೂರು ರೂಪಾಯಿ ಬಂದು ಬಿದ್ದರೆ ಕಂತು ಹೋದೀತು. ಕೊಟ್ಟ ಒಪ್ಪಿಗೆಯಂತೂ ಹಾಗೇ ಉಳಿದಿರುತ್ತದೆ.

ನಿಮ್ಮ ಅಣ್ಣನ ಬೈಕಿನ ಫೈನಾನ್ಸ್ ಕಂತಿಗೆ ಈ ಲೆಕ್ಕ ಹಚ್ಚಬೇಡ. ಅಲ್ಲಿ ರೊಕ್ಕ ಕೇಳುವುದು ಬೇರೆ ಕಂಪನಿ. ರದ್ದು ಮಾಡಿಸಲು ಆ ಒಪ್ಪಿಗೆಯ ಯುಎಮ್‌ಆರ್‌ಎನ್ ಎಂಬ 20 ಅಕ್ಷರದ ಸಂಖ್ಯೆ ಬೇಕು, ರದ್ದಾದರೂ ಸಾಲ ತೀರುವುದಿಲ್ಲ. ಸಾಲ ಚುಕ್ತಾ ಆದ ಪತ್ರ ಕೈಗೆ ಬಂದ ಮೇಲೆಯೇ ಆ ಮಾತು.

ಹೋದ ವರ್ಷಗಳ ಕಂತು ವಾಪಸು ಬರುವ ಆಸೆ ದೊಡ್ಡದಾಗಿ ಇಟ್ಟುಕೊಳ್ಳಬೇಡ. 436ರಲ್ಲಿ 395 ವಿಮಾ ಕಂಪನಿಗೆ ಹೋಗಿರುತ್ತದೆ, ಬ್ಯಾಂಕಿನ ಪಾಲು 11 ರೂಪಾಯಿ, ಉಳಿದದ್ದು ಸೇರಿಸಿದ ಏಜೆಂಟರಿಗೆ. ಆದರೆ ಸಂಘದ ಖಾತೆಯಲ್ಲಿ ಸಹಿಯನ್ನೇ ಮಾಡಿಲ್ಲವೆಂದು ಅವ್ವ ಖಚಿತವಾಗಿ ಹೇಳಿದರೆ, ಅದೇ ಅರ್ಜಿಯಲ್ಲಿ ಒಪ್ಪಿಗೆ ಪತ್ರದ ನಕಲು ಕೇಳು. ಅದು ಇಲ್ಲದಿದ್ದರೆ ರೊಕ್ಕ ವಾಪಸು ಕೇಳುವ ಮಾತಿಗೆ ಬಲ ಬರುತ್ತದೆ.

ಅರ್ಜಿ ಕೊಟ್ಟ ಮೇಲೂ ಕಡಿತವಾದರೆ ಶಿಕ್ಕಾ ಬಿದ್ದ ಪ್ರತಿ ಮತ್ತು ಹೊಸ ಎಂಟ್ರಿ ಇಟ್ಟು ಬ್ಯಾಂಕಿಗೆ ಲಿಖಿತ ದೂರು ಕೊಡು. 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದದ್ದು ಒಪ್ಪಿಗೆಯಾಗದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ cms.rbi.org.in ನಲ್ಲಿ ದೂರು ಹಾಕಬಹುದು, ಶುಲ್ಕವಿಲ್ಲ. ಬ್ಯಾಂಕಿಗೆ ಮೊದಲು ದೂರು ಕೊಡದೆ ನೇರ ಅಲ್ಲಿಗೆ ಹೋದರೆ ತೆಗೆದುಕೊಳ್ಳುವುದಿಲ್ಲ.

ಜೂನ್ ಮೊದಲ ವಾರ, ಹೆಸರು ಬಿತ್ತನೆಯ ಗಡಿಬಿಡಿಯಲ್ಲೂ, ಎರಡೂ ಪಾಸ್‌ಬುಕ್ಕು ಎಂಟ್ರಿ ಮಾಡಿಸಿ ನನಗೆ ಫೋಟೊ ಹಾಕು. ಸಂಘದ ಖಾತೆಯಲ್ಲಿ ಆ ಎರಡು ಸಾಲು ಇರಬಾರದು. ಗೃಹಲಕ್ಷ್ಮಿ ಖಾತೆಯಲ್ಲಿ ಇರಲೇಬೇಕು. ಇಲ್ಲದಿದ್ದರೆ ಫೋಟೊಕ್ಕೆ ಕಾಯದೆ ಅವತ್ತೇ ಬ್ಯಾಂಕಿಗೆ ಓಡು, ನನಗೆ ಫೋನ್ ಹಚ್ಚು.

ವೈನಿಗೆ ನಮಸ್ಕಾರ ಹೇಳು.

ನಿನ್ನ ಕಾಕಾ
ಧಾರವಾಡ