ಯುಕುಲೆಲೆ ಹಿಡಿದವರ ಮೊದಲ ಹಾಡು: ಹುಟ್ಟುಹಬ್ಬಕ್ಕೆ ಮೂರು ಕಾರ್ಡ್

ಮನೆಗೆ ಯುಕುಲೆಲೆ ಬಂದ ವಾರದೊಳಗೆ ಯಾರದ್ದಾದರೂ ಹುಟ್ಟುಹಬ್ಬ ಬರುತ್ತದೆ. ‘ಹ್ಯಾಪಿ ಬರ್ತ್‌ಡೇ’ ನುಡಿಸು ಎಂದು ಎಲ್ಲರೂ ದುಂಬಾಲು ಬೀಳುತ್ತಾರೆ. ಕಾರ್ಡ್‌ಗಳೆಲ್ಲ ಸರಿಯಾಗಿದ್ದರೂ ಹಾಡು ಯಾಕೋ ಕೂಡುವುದಿಲ್ಲ. ಚಪ್ಪಾಳೆ ಒಂದು ಕಡೆ, ಮೀಟು ಇನ್ನೊಂದು ಕಡೆ. ತಪ್ಪು ಸಾಮಾನ್ಯವಾಗಿ ಬೆರಳಿನಲ್ಲಿ ಇರುವುದಿಲ್ಲ, ಎತ್ತುಗಡೆಯಲ್ಲಿ ಇರುತ್ತದೆ. ಅದನ್ನು ಸರಿಪಡಿಸುವುದೇ ಈ ಲೇಖನದ ಮುಖ್ಯ ಕೆಲಸ.

ಹಿನ್ನೆಲೆ ಎರಡೇ ಮಾತಿನಲ್ಲಿ. 1879ರಲ್ಲಿ ಹವಾಯಿಗೆ ಹೋದ ಪೋರ್ಚುಗೀಸ್ ವಲಸಿಗರ ಪುಟ್ಟ ತಂತಿವಾದ್ಯದಿಂದ ಯುಕುಲೆಲೆ ಹುಟ್ಟಿತು. ಈ ಹಾಡಿನ ಧಾಟಿ ಅಮೆರಿಕದ ಹಿಲ್ ಸೋದರಿಯರು ಶಾಲೆಯ ಮಕ್ಕಳಿಗಾಗಿ 1893ರಲ್ಲಿ ಪ್ರಕಟಿಸಿದ ಬೆಳಗಿನ ಹಾಡಿನದು.

1. ಶ್ರುತಿ

ವಾದ್ಯ ಹಿಡಿದಾಗ ನಿಮ್ಮ ಗಲ್ಲದ ಕಡೆಗಿರುವುದು ನಾಲ್ಕನೇ ತಂತಿ, ನೆಲದ ಕಡೆಗಿರುವುದು ಒಂದನೇ ತಂತಿ. ಮೇಲಿನಿಂದ ಕೆಳಕ್ಕೆ ಜಿ, ಸಿ, ಇ, ಎ ಎಂದು ಶ್ರುತಿ ಮಾಡಿ. ಟ್ಯೂನರ್ ಪರದೆಯಲ್ಲಿ G C E A ಎಂದು ಕಾಣಿಸುತ್ತದೆ. ಹೊಸ ನೈಲಾನ್ ತಂತಿ ಕೆಲವು ದಿನ ಹಿಗ್ಗುತ್ತಲೇ ಇರುತ್ತದೆ. ಹಾಗಾಗಿ ಪ್ರತಿ ಸಲ ಕೂತಾಗಲೂ ಬಿರಡೆ ತಿರುಗಿಸಬೇಕು. ವಾದ್ಯ ಕೆಟ್ಟಿದೆ ಎಂದು ಅಂಗಡಿಗೆ ಓಡಬೇಡಿ. ಬ್ಯಾರಿಟೋನ್ ಎಂಬ ದೊಡ್ಡ ಯುಕುಲೆಲೆಯ ಶ್ರುತಿಯೇ ಬೇರೆ, ಅದಕ್ಕೆ ಇಲ್ಲಿ ಹೇಳಿರುವುದು ಹೊಂದುವುದಿಲ್ಲ.

2. ಮೂರು ಕಾರ್ಡ್

ಸಿ: ಉಂಗುರ ಬೆರಳಿನಿಂದ ಒಂದನೇ ತಂತಿಯ ಮೂರನೇ ಫ್ರೆಟ್ ಒತ್ತಿ. ಉಳಿದ ಮೂರು ತಂತಿ ಖಾಲಿ.

ಎಫ್: ತೋರುಬೆರಳು ಎರಡನೇ ತಂತಿಯ ಒಂದನೇ ಫ್ರೆಟ್‌ನಲ್ಲಿ, ನಡುಬೆರಳು ನಾಲ್ಕನೇ ತಂತಿಯ ಎರಡನೇ ಫ್ರೆಟ್‌ನಲ್ಲಿ.

ಜಿ ಸೆವೆನ್: ತೋರುಬೆರಳು ಎರಡನೇ ತಂತಿಯ ಒಂದನೇ ಫ್ರೆಟ್‌ನಲ್ಲಿ, ನಡುಬೆರಳು ಮೂರನೇ ತಂತಿಯ ಎರಡನೇ ಫ್ರೆಟ್‌ನಲ್ಲಿ, ಉಂಗುರ ಬೆರಳು ಒಂದನೇ ತಂತಿಯ ಎರಡನೇ ಫ್ರೆಟ್‌ನಲ್ಲಿ. ನಾಲ್ಕನೇ ತಂತಿ ಖಾಲಿ.

ಬೆರಳು ಫ್ರೆಟ್‌ನ ಲೋಹದ ಪಟ್ಟಿಗೆ ಹತ್ತಿಕೊಂಡಂತೆ, ಆದರೆ ಅದರ ಹಿಂದೆಯೇ ಇರಬೇಕು. ದೂರ ಸರಿದರೆ ತಂತಿ ಜುಯ್ ಎನ್ನುತ್ತದೆ. ಕಾರ್ಡ್ ಹಿಡಿದ ಮೇಲೆ ನಾಲ್ಕೂ ತಂತಿಗಳನ್ನು ಒಂದೊಂದಾಗಿ ಮೀಟಿ ನೋಡಿ. ಜಿ ಸೆವೆನ್‌ನಲ್ಲಿ ಎರಡನೇ ತಂತಿ ‘ಡಬ್’ ಎಂದು ಸತ್ತ ಸದ್ದು ಕೊಟ್ಟರೆ ಮೂರನೇ ತಂತಿಯ ಮೇಲಿನ ನಡುಬೆರಳು ಒರಗಿ ಅದಕ್ಕೆ ತಾಗುತ್ತಿದೆ ಎಂದರ್ಥ. ಎಫ್‌ನಲ್ಲಿ ಮೂರನೇ ತಂತಿ ಸತ್ತರೂ ಅದೇ ನಡುಬೆರಳ ಕಿತಾಪತಿ. ಹೆಚ್ಚು ಬಲ ಹಾಕುವುದರಿಂದ ಇದು ಸರಿಹೋಗುವುದಿಲ್ಲ. ಬೆರಳ ತುದಿ ನೆಟ್ಟಗೆ ನಿಲ್ಲಬೇಕು, ಅದಕ್ಕೆ ಮೊದಲು ಎಡಗೈ ಉಗುರು ಕತ್ತರಿಸಿರಬೇಕು.

ಸಿಯಿಂದ ಜಿ ಸೆವೆನ್‌ಗೆ ಹೋಗುವಾಗ ಕೈಯನ್ನು ಪೂರ್ತಿ ಎತ್ತುವವರೇ ಹೆಚ್ಚು. ಎತ್ತಬೇಡಿ. ಎರಡರಲ್ಲೂ ಉಂಗುರ ಬೆರಳು ಒಂದನೇ ತಂತಿಯ ಮೇಲೆಯೇ ಇದೆ. ಅದನ್ನು ಮೂರನೇ ಫ್ರೆಟ್‌ನಿಂದ ಎರಡಕ್ಕೆ ಜಾರಿಸಿ, ಜತೆಗೆ ಉಳಿದೆರಡು ಬೆರಳು ಇಳಿಸಿ. ಬರುವಾಗಲೂ ಅದೇ ದಾರಿ.

3. ಎತ್ತುಗಡೆ: ಎಲ್ಲರೂ ಎಡವುವ ಜಾಗ

ಹಾಡು ಮೂರೆಣಿಕೆಯದು. ರೂಪಕ ತಾಳ ಹಾಕಿ ಗೊತ್ತಿದ್ದವರಿಗೆ ಇದು ಬೇಗ ಕೈಗೆ ಬರುತ್ತದೆ. ಆದರೆ ಹಾಡಿನ ಮೊದಲ ಪದ ಒಂದನೇ ಎಣಿಕೆಯಲ್ಲಿ ಬರುವುದಿಲ್ಲ, ಹಿಂದಿನ ಮೂರನೇ ಎಣಿಕೆಯಲ್ಲೇ ಬಂದುಬಿಡುತ್ತದೆ. ಅದರ ಎರಡು ಉಚ್ಚಾರಗಳೂ ಆ ಒಂದೇ ಎಣಿಕೆಯೊಳಗೆ ಮುಗಿಯುತ್ತವೆ. ಒಂದನೇ ಎಣಿಕೆಯ ಭಾರ ಬೀಳುವುದು ಎರಡನೇ ಪದದ ಮೇಲೆ.

ಹೊಸಬರು ಬಾಯಿ ತೆರೆದ ಕ್ಷಣವೇ ಮೀಟುತ್ತಾರೆ. ಆಗ ಏನಾಗುತ್ತದೆ ನೋಡಿ: ಮೂರು ಮೀಟು ಮುಗಿಸಿ ಕೈ ಜಿ ಸೆವೆನ್‌ಗೆ ಹೋಗುವಾಗ ಬಾಯಿ ಇನ್ನೂ ಸಾಲಿನ ಮೂರನೇ ಪದದಲ್ಲಿರುತ್ತದೆ. ಅಲ್ಲಿನ ಸ್ವರ ಷಡ್ಜ, ಅದಕ್ಕೆ ಸಿ ಕಾರ್ಡ್ ಬೇಕು. ಕಾರ್ಡ್ ಒಂದು ಎಣಿಕೆ ಮುಂಚೆ ಬದಲಾದ್ದರಿಂದ ಕಿವಿಗೆ ಗೀಚಿದಂತಾಗುತ್ತದೆ. ಆಮೇಲೆ ಪ್ರತಿ ಸಾಲಿನಲ್ಲೂ ಅದೇ ಗತಿ. ಕಾರ್ಡ್ ತಪ್ಪಿದೆ ಎಂದುಕೊಂಡು ಅಂತರ್ಜಾಲದಲ್ಲಿ ಬೇರೆ ಕಾರ್ಡ್ ಹುಡುಕುತ್ತಾ ಕೂರುವವರೂ ಇದ್ದಾರೆ. ಹುಡುಕಬೇಕಾಗಿಲ್ಲ.

ಹೀಗೆ ಮಾಡಿ. ಮೊದಲು ನಾಲ್ಕನೇ ತಂತಿಯನ್ನು ಖಾಲಿಯಾಗಿ ಮೀಟಿ, ಹಾಡಿನ ಮೊದಲ ಸ್ವರ ಅದೇ. ಬಿಳಿ ಒಂದು ಶ್ರುತಿಗೆ ಅದು ಪಂಚಮ; ಗಂಡಸರು ಒಂದು ಸ್ಥಾಯಿ ಕೆಳಗೆ ಹಿಡಿಯಬಹುದು. ಈಗ ಸಿ ಹಿಡಿದು, ಮೀಟದೆ ‘ಒಂದು, ಎರಡು’ ಎಣಿಸಿ. ‘ಮೂರು’ ಬರುವ ಜಾಗದಲ್ಲಿ ಮೊದಲ ಪದ ಹಾಡಿ, ಕೈ ಸುಮ್ಮನಿರಲಿ. ಎರಡನೇ ಪದಕ್ಕೆ ಬಾಯಿ ಮತ್ತು ಕೈ ಒಟ್ಟಿಗೆ ಇಳಿಯಲಿ. ಅಲ್ಲಿಂದ ಹಾಡು ಮುಗಿಯುವವರೆಗೆ ಎಣಿಕೆಗೊಂದರಂತೆ ಮೇಲಿನಿಂದ ಕೆಳಕ್ಕೆ ಮಾತ್ರ ಮೀಟು. ಮುಂದಿನ ಸಾಲುಗಳ ಮೊದಲ ಪದವೂ ಮೂರನೇ ಎಣಿಕೆಯಲ್ಲೇ ಬರುತ್ತದೆ, ಆದರೆ ಆಗ ಕೈ ನಿಲ್ಲಕೂಡದು.

ವಾದ್ಯ ಬದಿಗಿಟ್ಟು ತೊಡೆ ತಟ್ಟಿಕೊಂಡು ಹಾಡಿ ನೋಡಿ. ಜೋರಾದ ತಟ್ಟು ಪ್ರತಿ ಸಾಲಿನ ಎರಡನೇ ಪದಕ್ಕೂ ಕೊನೆಯ ಪದಕ್ಕೂ ಬಿದ್ದರೆ ನೀವು ಸರಿ.

4. ಹಾಡು ಪೂರ್ತಿ

ಪ್ರತಿ ಸಾಲಿಗೆ ಎರಡು ಮನೆ, ಮನೆಗೆ ಮೂರು ಮೀಟು:

ಸಾಲು 1: ಸಿ | ಜಿ ಸೆವೆನ್
ಸಾಲು 2: ಜಿ ಸೆವೆನ್ | ಸಿ
ಸಾಲು 3: ಸಿ | ಎಫ್
ಸಾಲು 4: ಸಿ, ಸಿ, ಜಿ ಸೆವೆನ್ | ಸಿ

ಮೂರನೇ ಸಾಲಿನಲ್ಲಿ ಹೆಸರಿನ ಮೊದಲ ಅಕ್ಷರಕ್ಕೆ ಸರಿಯಾಗಿ ಎಫ್ ಬರಬೇಕು. ಹೆಸರು ‘ಪುಟ್ಟಿ’ ಎಂದುಕೊಳ್ಳಿ: ‘ಪು’ ಅನ್ನುವಾಗ ಎಫ್‌ಗೂ ಧಾಟಿಗೂ ಕೊಂಚ ತಿಕ್ಕಾಟ ಕೇಳಿಸುತ್ತದೆ, ‘ಟ್ಟಿ’ಗೆ ಬಂದಾಗ ಕೂಡಿಕೊಳ್ಳುತ್ತದೆ. ಅದು ನಿಮ್ಮ ತಪ್ಪಲ್ಲ, ಹಾಡಿನ ಸೊಗಸೇ ಅದು. ‘ಚಂದ್ರಶೇಖರ’ನಂಥ ಉದ್ದ ಹೆಸರಾದರೆ ಅಕ್ಷರಗಳನ್ನು ಒತ್ತೊತ್ತಾಗಿ ತುಂಬಿಸಿ, ಎಣಿಕೆ ಹೆಚ್ಚಿಸಬೇಡಿ. ಆದರೂ ಜನ ಹೆಸರನ್ನು ಎಳೆದೇ ಎಳೆಯುತ್ತಾರೆ. ಆಗ ಎಫ್ ಒಂದು ಸಲ ಮೀಟಿ ಕಾಯಿರಿ, ಆ ಬಿಡುವಿನಲ್ಲಿ ಬೆರಳನ್ನು ಸಿಗೆ ತಂದಿಟ್ಟುಕೊಳ್ಳಿ.

ನಾಲ್ಕನೇ ಸಾಲಿನಲ್ಲಿ ಜಿ ಸೆವೆನ್‌ಗೆ ಸಿಗುವುದು ಒಂದೇ ಮೀಟು. ಇಡೀ ಹಾಡಿನಲ್ಲಿ ಕಷ್ಟದ ಜಾಗ ಇದೊಂದೇ. ಇಲ್ಲಿ ತಡಬಡಿಸದಷ್ಟು ನಿಧಾನದ ಕಾಲದಲ್ಲೇ ಇಡೀ ಹಾಡನ್ನು ಶುರು ಮಾಡಿ. ಮೊದಲ ಮೂರು ಸಾಲು ಓಡಿಸಿ ಇಲ್ಲಿ ನಿಂತರೆ ಹಾಡುವವರೆಲ್ಲ ಮುಂದೆ ಹೋಗಿಬಿಡುತ್ತಾರೆ.

5. ಇನ್ನೆರಡು ಮಾತು

ಮೀಟಲು ತೋರುಬೆರಳ ಉಗುರು ಸಾಕು. ಕುತ್ತಿಗೆ ಒಡಲಿಗೆ ಸೇರುವ ಕಡೆ ಮೀಟಿದರೆ ದನಿ ಮೆದುವಾಗಿರುತ್ತದೆ. ಮೇಲೆ-ಕೆಳಗೆ ಮೀಟುವ ಆಸೆ ಈ ಹಾಡಿಗೆ ಬೇಡ. ಬೆರಳ ತುದಿ ಉರಿದರೆ ಅಂದಿಗೆ ನಿಲ್ಲಿಸಿ. ಎಲ್ಲ ಸಲೀಸಾದ ಮೇಲೆ ಮೂರನೇ ಸಾಲಿನ ಸಿಯಲ್ಲಿ ಕೊನೆಯ ಮೀಟಿಗೆ ಸಿ ಸೆವೆನ್ ಹಾಕಿ ನೋಡಿ: ಒಂದನೇ ತಂತಿಯ ಒಂದನೇ ಫ್ರೆಟ್‌ಗೆ ತೋರುಬೆರಳು, ಅಷ್ಟೇ. ಹೆಸರಿನ ಎಫ್ ಇನ್ನೂ ಬಿಗಿಯಾಗಿ ಬಂದು ಕೂರುತ್ತದೆ.